ಎರಡು ವಾರಗಳ ನಡುವಿನ ರಾತ್ರಿ

ಆ ಮಂಗಳವಾರ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸೂರ್ಯ ಬಂದನೋ ಬರಲಿಲ್ಲವೋ ಎಂದು ಹೇಳುವವರಿರಲಿಲ್ಲ. ಬೀದಿಯ ದೀಪಗಳು ಆರುವುದನ್ನೇ ಮರೆತು ಉರಿಯುತ್ತಿದ್ದವು. ಬಸ್ಸುಗಳು ಕಣ್ಣು ಬಿಟ್ಟುಕೊಂಡು, ಕುರುಡರಂತೆ ತಡವರಿಸಿಕೊಂಡು ಬರುತ್ತಿದ್ದವು. ಬೆಳಕು ಇದೆ, ಆದರೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯದು. ಹೊತ್ತು ಎಷ್ಟೆಂದು ಆಕಾಶವನ್ನು ಕೇಳಿದರೆ, ನನಗೇನು ಗೊತ್ತು, ನಿನ್ನ ಕೈಗಡಿಯಾರವನ್ನೇ ಕೇಳಿಕೋ ಎನ್ನುವ ಹಾಗಿತ್ತು.

ನರ್ಸಿಂಗ್ ಮಂಡಳಿಯ ಕಚೇರಿಗೆ ಹೋಗುವ ಮೆಟ್ಟಿಲುಗಳನ್ನು ಗಡಿಯಾರದಕ್ಕ ಎಂದಿನಂತೆ ಎಲ್ಲರಿಗಿಂತ ಮೊದಲೇ ಹತ್ತಿದಳು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲಿ ಎಲ್ಲರಿಗೂ ಅವಳು ಗಡಿಯಾರದಕ್ಕ. ಯಾಕೆಂದರೆ ಮಂಡಳಿಯ ವಿಚಾರಣೆಗಳಿಗೆ ಹೊತ್ತು ಗೊತ್ತುಮಾಡುವುದು ಅವಳ ಕೆಲಸ. ಇಲ್ಲಿ ಓದಿ, ಇಲ್ಲಿ ನೋಂದಣಿ ಮಾಡಿಸಿಕೊಂಡು, ಆಮೇಲೆ ಲೋಕದ ಎಲ್ಲ ಮೂಲೆಗೂ ಹೋಗಿ ಕೆಲಸ ಮಾಡುವ ನರ್ಸುಗಳ ಮೇಲೆ ದೂರು ಬಂದರೆ ವಿಚಾರಣೆ ವಿಡಿಯೋದಲ್ಲಿ ನಡೆಯುತ್ತದೆ. ಕೇಳುವವರು ಒಂದು ದೇಶ, ಹೇಳುವವರು ಇನ್ನೊಂದು ದೇಶ. ಇವರಿಗೆ ಬೆಳಗಾದರೆ ಅವರಿಗೆ ರಾತ್ರಿ. ಇವರೆಲ್ಲರನ್ನೂ ಒಂದೇ ಗಳಿಗೆಗೆ ತಂದು ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ.

ಹದಿನಾರು ವರ್ಷಗಳಲ್ಲಿ ಅವಳ ತಕ್ಕಡಿಯಿಂದ ಒಂದು ಕಪ್ಪೆಯೂ ಹಾರಿರಲಿಲ್ಲ. ಅದಕ್ಕೆ ಕಾರಣ, ಅವಳು ತಾನೇ ಕಟ್ಟಿಕೊಂಡಿದ್ದ ಒಂದು ಪದ್ಧತಿ. ಹೊತ್ತನ್ನು ಬರೆಯುವವರ ಕಣ್ಣಿನಿಂದ ಬರೆಯಬಾರದು, ಓದುವವರ ಕಣ್ಣಿನಿಂದ ಬರೆಯಬೇಕು ಎನ್ನುತ್ತಿದ್ದಳು. ಅವಳ ಪತ್ರದಲ್ಲಿ 'ನಾಳೆ' ಇರುತ್ತಿರಲಿಲ್ಲ, 'ಬರುವ ವಾರ' ಇರುತ್ತಿರಲಿಲ್ಲ. ಒಬ್ಬರ ನಾಳೆ ಇನ್ನೊಬ್ಬರ ಇವತ್ತಾಗಿರುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯುತ್ತಿರಲಿಲ್ಲ. ನಾಲ್ಕು, ಗೀಟು, ಹನ್ನೊಂದು ಎಂದು ಬರೆದರೆ ಕೆಲವರಿಗೆ ಅದು ನವೆಂಬರ್ ನಾಲ್ಕು, ಕೆಲವರಿಗೆ ಏಪ್ರಿಲ್ ಹನ್ನೊಂದು. ಹಗಲು ರಾತ್ರಿ ಕಲಸಿಹೋಗಬಾರದೆಂದು ಇಪ್ಪತ್ನಾಲ್ಕು ಗಂಟೆಯ ಲೆಕ್ಕ. ಪ್ರತಿಯೊಬ್ಬರಿಗೂ ಅವರವರ ಊರಿನ ಹೆಸರು, ಅವರವರ ವಾರ, ಅವರವರ ತಾರೀಕು, ಪಕ್ಕದಲ್ಲಿ ಲೋಕಕ್ಕೆಲ್ಲ ಒಂದೇ ಅಳತೆಯಾದ ಯುಟಿಸಿ ಹೊತ್ತಿಗೆ ಎಷ್ಟು ಗಂಟೆ ಹಿಂದೆ ಮುಂದೆ ಎನ್ನುವ ಗುರುತು. ಆಮೇಲೆ ಮರುನುಡಿ. ಪತ್ರ ಸಿಕ್ಕಿದವರು ಬರೀ 'ಒಪ್ಪಿಗೆ' ಎಂದು ಬರೆದರೆ ಅವಳಿಗೆ ಒಪ್ಪಿಗೆಯಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಕೂರುತ್ತೀರಿ, ನಿಮ್ಮ ಮಾತಿನಲ್ಲಿ ಬರೆಯಿರಿ ಎಂದು ಕೇಳುತ್ತಿದ್ದಳು.

ಇನ್ನೊಂದು ಸಾಲಿತ್ತು. ಅದು ಅವಳ ಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಸಾಲು. ಯಾರಿಗಾದರೂ ಹೊತ್ತು ನಡುರಾತ್ರಿ ದಾಟಿ ಬೆಳಗಿನೊಳಗೆ ಬಿದ್ದರೆ, ಅವಳು ಎರಡು ವಾರಗಳ ಹೆಸರನ್ನೂ ಬರೆಯುತ್ತಿದ್ದಳು. 'ಇದು ಸೋಮವಾರ ಮಲಗಿ ಮಂಗಳವಾರ ಏಳುವ ನಡುವಿನ ರಾತ್ರಿ' ಎಂದು. ಯಾಕೆಂದರೆ ಯಂತ್ರಕ್ಕೆ ದಿನ ಹನ್ನೆರಡಕ್ಕೆ ಮುಗಿಯುತ್ತದೆ, ಮನುಷ್ಯನಿಗೆ ಮುಗಿಯುವುದಿಲ್ಲ. ಮಲಗಿ ಏಳುವ ತನಕ ಅವನಿಗೆ ಅದೇ ದಿನ. ಮಂಗಳವಾರ ರಾತ್ರಿ ಹನ್ನೆರಡೂವರೆ ಎಂದರೆ ಯಾವ ತಾಯಿಯ ಮಗುವೂ ಮಂಗಳವಾರ ಊಟ ಮಾಡಿದ ಮೇಲಿನ ಹನ್ನೆರಡೂವರೆ ಎಂದೇ ತಿಳಿಯುತ್ತದೆ. ಆಗ ಯಂತ್ರದ ಲೆಕ್ಕದಲ್ಲಿ ಬುಧವಾರ ಹುಟ್ಟಿ ಅರ್ಧ ಗಂಟೆಯಾಗಿರುತ್ತದೆ.

ಈ ಸಲ ಆ ಸಾಲನ್ನು ಅವಳು ಬರೆದಿರಲಿಲ್ಲ.

ಮರೆತಳೆಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. ಕೀಲಿಮಣೆಯ ಮೇಲೆ ಬೆರಳಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆ ಸಾಲು ಬರುವ ಜಾಗವನ್ನು ನೋಡಿ, ಮುಂದಿನ ಸಾಲಿಗೆ ಹೋಗಿದ್ದಳು. ಯಾಕೆಂದರೆ ಪತ್ರ ಹೋಗಬೇಕಾಗಿದ್ದುದು ಅವಳ ತಮ್ಮನ ಹೆಂಡತಿಗೆ. ಒಂದು ಕಾಲದ ಹೆಂಡತಿಗೆ.

ಆ ನರ್ಸು ಆರು ವರ್ಷ ಅವರ ಮನೆಯಲ್ಲಿ ಬಾಳಿದ್ದಳು. ಅಕ್ಕ ತಮ್ಮಂದಿರ ತಾಯಿ ಹಾಸಿಗೆ ಹಿಡಿದಾಗ ಬೆನ್ನು ತಿರುಗಿಸಿ ಮಲಗಿಸಿದವಳು, ಬಾಯಿಗೆ ಗಂಜಿ ಹಾಕಿದವಳು, ಕೊನೆಗೆ ಕಣ್ಣು ಮುಚ್ಚಿಸಿದವಳೂ ಅವಳೇ. ಆಮೇಲೆ ಒಂದು ದಿನ ಎರಡು ಪೆಟ್ಟಿಗೆ ತುಂಬಿಕೊಂಡು, 'ನಾನು ಹೋಗ್ತೀನಿ ಅತ್ತಿಗೆ, ಇನ್ನು ಆಗಲ್ಲ' ಎಂದು ಹೇಳಿ ಹೊರಟುಹೋದಳು. ಏನಾಗಲ್ಲ ಎಂದು ಅತ್ತಿಗೆ ಕೇಳಲಿಲ್ಲ. ತಮ್ಮ ಅಂದಿನಿಂದ ಕೆಲಸ ಬಿಟ್ಟು, ಅಕ್ಕನ ಮನೆಯ ಸೋಫಾದ ಮೇಲೆ ಬೇರು ಬಿಟ್ಟ. ಅವನು ಹಾಳಾದದ್ದು ಅವಳಿಂದ ಎಂದು ಅಕ್ಕ ತೀರ್ಮಾನ ಮಾಡಿದಳು. ಹಾಗೆ ತೀರ್ಮಾನ ಮಾಡುವುದು ಸುಲಭವಾಗಿತ್ತು. ಒಡಹುಟ್ಟಿದವನು ಎಷ್ಟು ಕೊಳೆತರೂ ಮನೆಯ ಹಣ್ಣು.

ವಿಚಾರಣೆಯ ಕಾಗದದಲ್ಲಿ ನರ್ಸಿನ ತವರಿನ ಹೆಸರಿತ್ತು. ಇಬ್ಬರ ಸಂಬಂಧ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಈಕೆ ನನಗೆ ಬೇಕಾದವಳು, ಈ ಕೆಲಸ ಬೇರೆಯವರಿಗೆ ಕೊಡಿ' ಎಂದು ಗಡಿಯಾರದಕ್ಕ ಹೇಳಬಹುದಿತ್ತು. ಬೇಡವಾದವಳು ಎಂದು ಹೇಳಿದ್ದರೂ ಆಗುತ್ತಿತ್ತು. ಹೇಳಲಿಲ್ಲ.

ದೂರು ಹಳೆಯದು. ಇಲ್ಲಿದ್ದಾಗ ಒಬ್ಬ ರೋಗಿಗೆ ಔಷಧಿ ಕೊಟ್ಟದ್ದನ್ನು ನರ್ಸು ಕಾಗದದಲ್ಲಿ ಗುರುತು ಮಾಡದೆ ಹೋದಳು, ಮುಂದಿನ ಪಾಳಿಯವರು ಅದನ್ನೇ ಮತ್ತೊಮ್ಮೆ ಕೊಟ್ಟರು ಎಂದು. ತಾನು ಗುರುತು ಮಾಡಿದ್ದೆ ಎನ್ನುವುದು ಅವಳ ಮಾತು. ಆ ಮಾತನ್ನು ಮಂಡಳಿಯೆದುರು ಅವಳೇ ಹೇಳಬೇಕಿತ್ತು. ಒಪ್ಪಿದ ಹೊತ್ತಿಗೆ ಬಾರದಿದ್ದರೆ ಅವಳಿಲ್ಲದೆಯೇ ತೀರ್ಪು. ನೋಂದಣಿ ಹೋದರೆ ಆ ದೂರದ ಊರಿನ ಆಸ್ಪತ್ರೆಯ ಕೆಲಸವೂ ಹೋಗುತ್ತದೆ. ಇಷ್ಟೂ ಗಡಿಯಾರದಕ್ಕನಿಗೆ ಗೊತ್ತಿತ್ತು.

ಅವಳು ಕಳಿಸಿದ ಪತ್ರದಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಮೂರು ಹೊತ್ತುಗಳನ್ನು ಸೂಚಿಸಿದ್ದಳು. ನರ್ಸು ಇರುವ ಊರು ಪತ್ರ ಬರೆದ ದಿನ ಇಲ್ಲಿಗಿಂತ ಒಂಬತ್ತೂವರೆ ಗಂಟೆ ಹಿಂದಿತ್ತು. ವಿಚಾರಣೆಗೆ ಎರಡು ದಿನ ಮೊದಲು, ಭಾನುವಾರ, ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಅಂತರ ಹತ್ತೂವರೆ ಗಂಟೆ. ಅದನ್ನೂ ಲೆಕ್ಕ ಹಾಕಿ, ಮರೆಯಬೇಡಿ ಎಂದು ಬರೆದಿದ್ದಳು. ಕಷ್ಟದ್ದನ್ನೆಲ್ಲ ಸರಿಯಾಗಿ ಮಾಡಿ, ಸುಲಭದ್ದೊಂದನ್ನು ಬಿಟ್ಟಿದ್ದಳು. ಎರಡನೆಯ ಹೊತ್ತು ಹೀಗಿತ್ತು: ಮಂಡಳಿಗೆ ಮಂಗಳವಾರ ನವೆಂಬರ್ 4, 11:00. ನಿಮಗೆ ಮಂಗಳವಾರ ನವೆಂಬರ್ 4, 00:30.

ಮರುನುಡಿ ಎರಡೇ ದಿನದಲ್ಲಿ ಬಂತು. 'ಮೇಡಂ, ಮೊದಲನೆಯದೂ ಮೂರನೆಯದೂ ಡ್ಯೂಟಿ ಮುಗಿಯೋ ಹೊತ್ತು, ಆಗಲ್ಲ. ಎರಡನೆಯದು ನನಗೆ ಅನುಕೂಲ. ಸೋಮವಾರ ರಾತ್ರಿ ಡ್ಯೂಟಿ ಇದೆ, ಮಂಗಳವಾರ ರಾತ್ರಿ ರಜೆ. ಊಟ ಮುಗಿಸಿ ಹನ್ನೆರಡೂವರೆಗೆ ಕೂತಿರ್ತೀನಿ. ನಮಸ್ಕಾರ.'

ಮೇಡಂ ಎಂದು ಬರೆದಿದ್ದಳು. ಅತ್ತಿಗೆ ಎಂದಿರಲಿಲ್ಲ. ಗಡಿಯಾರದಕ್ಕ ಅದನ್ನು ಎರಡು ಸಲ ಓದಿದಳು. ತಪ್ಪು ಹಗಲಿನಷ್ಟು ಸ್ಪಷ್ಟವಾಗಿತ್ತು: ಕೂರಬೇಕಾದ ರಾತ್ರಿ ಡ್ಯೂಟಿಯಲ್ಲಿರುತ್ತಾಳೆ, ಮುಂದಿನ ರಾತ್ರಿ ಕೂರುತ್ತಾಳೆ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಆ ಕ್ಷಣವೇ ಫೋನು ಎತ್ತುತ್ತಿದ್ದಳು. ಈಗ ಅಧ್ಯಕ್ಷರಿಗೆ ಒಂದು ಸಾಲು ಬರೆದಳು: 'ಎರಡನೆಯ ಹೊತ್ತಿಗೆ ಒಪ್ಪಿದ್ದಾರೆ.'

ಹಾವು ಸಾಯುತ್ತದೆ, ಕೋಲು ಮುರಿಯುವುದಿಲ್ಲ. ಸುಳ್ಳು ಒಂದಕ್ಷರವೂ ಇಲ್ಲ.

ಮಂಜಿನ ಮಂಗಳವಾರ ಹನ್ನೊಂದು ಗಂಟೆಗೆ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತ ಮೇಜಿನ ತಲೆಯಲ್ಲಿ ಕೂತರು. ಅವರು ನಿವೃತ್ತ ವೈದ್ಯರು. ಶೀತಕ್ಕೆ ಮೂಗು ಸುರಿಯುತ್ತಿತ್ತು. ಪಕ್ಕದಲ್ಲಿ ಹಳೆಯ ಮೇಟ್ರನ್, ಮಂಡಳಿಯ ಸದಸ್ಯೆ. ಮೂರನೆಯ ಸದಸ್ಯರು ಎರಡೂವರೆ ಗಂಟೆ ಮುಂದಿರುವ ಊರಿನವರು, ಪರದೆಯ ಮೇಲೆ ಬಂದರು. ಅವರಿಗೆ ಮಧ್ಯಾಹ್ನ ಒಂದೂವರೆ.

"ನಿಮ್ಮಲ್ಲಿ ಊಟ ಆಯ್ತಾ?" ಎಂದು ಅಧ್ಯಕ್ಷರು ಕೇಳಿದರು.

"ಆಯ್ತು. ಹೊಟ್ಟೆ ತುಂಬಿದೆ, ಕಣ್ಣು ಎಳೀತಾ ಇದೆ. ಬೇಗ ಮುಗಿಸಿದ್ರೆ ಪುಣ್ಯ ಬರುತ್ತೆ."

"ನಮಗಿನ್ನೂ ಸೂರ್ಯನೇ ಬಂದಿಲ್ಲ, ನಿಮಗೆ ನಿದ್ದೆ" ಎಂದರು ಮೇಟ್ರನ್.

ಪರದೆಯಲ್ಲಿ ನರ್ಸಿನ ಚೌಕ ಬರಲಿಲ್ಲ. ಐದು ನಿಮಿಷ ಕಾದರು. ಹದಿನೈದು ನಿಮಿಷ ಕಾದರು. ಮೇಟ್ರನ್ ಕೈಚೀಲದಿಂದ ಹೆಣಿಗೆ ತೆಗೆದು, ಮತ್ತೆ ಒಳಗಿಟ್ಟರು.

"ಒಂದು ಫೋನ್ ಮಾಡಿ ನೋಡಮ್ಮ" ಎಂದರು ಅಧ್ಯಕ್ಷರು.

ಗಡಿಯಾರದಕ್ಕ ಫೋನು ಮಾಡಿದಳು. ಎಲ್ಲರಿಗೂ ಕೇಳುವಂತೆ ಇಟ್ಟಳು. ಹತ್ತೂವರೆ ಗಂಟೆ ದೂರದ ಒಂದು ಆಸ್ಪತ್ರೆಯ ಬೀರುವಿನೊಳಗೆ, ಮಡಿಸಿಟ್ಟ ಕೋಟಿನ ಜೇಬಿನಲ್ಲಿ, ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಡ್ಯೂಟಿಯಲ್ಲಿ ಆ ಹೆಣ್ಣು ಫೋನು ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅತ್ತೆ ಸಾಯುವ ದಿನವೂ ಮುಟ್ಟಿರಲಿಲ್ಲ. ಪಾಳಿ ಮುಗಿಸಿ ಓಡಿ ಬಂದಿದ್ದಳು.

"ಎತ್ತುತ್ತಿಲ್ಲ ಸರ್."

"ಒಪ್ಪಿಗೆ ಬರೆದು ಕೊಟ್ಟಿದ್ರು ತಾನೆ?"

"ಕೊಟ್ಟಿದ್ರು."

"ಪಾಪ, ಏನಾಗಿದೆಯೋ" ಎಂದರು ಮೇಟ್ರನ್. "ಇನ್ನೊಂದು ದಿನ ಕೊಡೋಣ್ವೆ?"

"ನೀವು ಹೀಗೆ ಪಾಪ ಪಾಪ ಅಂತಾನೇ ಹೋದ ಮೂರು ಕೇಸು ಮುಗಿದಿಲ್ಲ" ಎಂದು ಅಧ್ಯಕ್ಷರು ಸೀನಿದರು. "ಬರದೇ ಇರೋದೂ ಒಂದು ಉತ್ತರಾನೇ. ಬರೀರಿ."

ಆದೇಶವನ್ನು ಬೆರಳಚ್ಚು ಮಾಡಿದ್ದೂ ಅವಳೇ. ನೋಂದಣಿ ಅಮಾನತು. ಆ ಆಸ್ಪತ್ರೆಗೆ ಒಂದು ಪ್ರತಿ. ತಾರೀಕನ್ನು ಅಕ್ಷರದಲ್ಲಿ, ವಾರ ಸಮೇತ, ಯಾರೂ ತಪ್ಪು ಓದದಂತೆ ಬರೆದಳು.

ಮಾರನೆಯ ದಿನ ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಅವಳ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಸಾಲು ಮಿನುಗಿತು: ಒಬ್ಬರು ಒಳಗೆ ಬರಲು ಕಾಯುತ್ತಿದ್ದಾರೆ.

ಗಡಿಯಾರದಕ್ಕ ನೀರು ಕುಡಿದಳು. ಕಡತಗಳನ್ನು ಜೋಡಿಸಿದಳು. ಮತ್ತೆ ಬಂದು ನೋಡಿದಳು. ಸಾಲು ಅಲ್ಲೇ ಇತ್ತು. ಅರ್ಧ ಗಂಟೆ ಕಳೆಯಿತು. ಆ ಹೆಣ್ಣಿನ ತಾಳ್ಮೆ ಎಂಥದ್ದೆಂದು ಗಡಿಯಾರದಕ್ಕನ ಮನೆಯ ಗೋಡೆಗಳಿಗೆ ಗೊತ್ತು. ಬಾಗಿಲು ತೆರೆಯುವ ತನಕ ಕೂತಿರುತ್ತಾಳೆ. ಕೊನೆಗೆ ಗಡಿಯಾರದಕ್ಕ ಗುಂಡಿ ಒತ್ತಿದಳು.

ಪರದೆಯಲ್ಲಿ ನರ್ಸಿನ ಮುಖ ಬಂತು. ತಲೆ ಬಾಚಿ ಬಿಗಿಯಾಗಿ ಕಟ್ಟಿದ್ದಳು. ಇಸ್ತ್ರಿ ಮಾಡಿದ ಬಿಳಿಯ ಅಂಗಿ. ಹಿಂದೆ ಚಿಕ್ಕ ಕೋಣೆ, ಒಂದೇ ಮಂಚ, ಮಂಚದ ಮೇಲೆ ಸಾಲಾಗಿ ಜೋಡಿಸಿಟ್ಟ ಕಾಗದಗಳು. ಎದುರಿನ ಮುಖ ನೋಡಿ ಅವಳು ಒಂದು ಕ್ಷಣ ತಬ್ಬಿಬ್ಬಾದಳು.

"ಅತ್ತಿಗೆ? ನೀವಾ? ಪತ್ರದ ಕೆಳಗೆ ಮಂಡಳಿಯ ಮೊಹರಷ್ಟೇ ಇತ್ತು, ನೀವಿನ್ನೂ ಇದೇ ಮೇಜಿನಲ್ಲಿದ್ದೀರಿ ಅಂತ ಗೊತ್ತಿರ್ಲಿಲ್ಲ. ಮೇಡಂ ಅಂತ ನಿಮಗೇ ಬರೀತಿದ್ನಾ ನಾನು?"

"ಇಲ್ಲಿ ಕೆಲಸ ನಂದು."

"ನಿಮ್ಮ ಕೈಯಲ್ಲಿದೆ ಅಂದ್ರೆ ಸರಿ ಬಿಡಿ" ಎಂದು ಅವಳು ನಕ್ಕಳು. ಆ ನಗುವಿನಲ್ಲಿ ನೆಮ್ಮದಿಯಿತ್ತು. "ಮಂಡಳಿಯವರು ಇನ್ನೂ ಬಂದಿಲ್ವ? ನಾನೇನೋ ಲಿಂಕೇ ಕೆಟ್ಟಿದೆ ಅಂದುಕೊಂಡೆ."

"ವಿಚಾರಣೆ ನಿನ್ನೆ ಆಯ್ತು."

"ನಿನ್ನೆ ಎಲ್ಲಿ? ಇವತ್ತಲ್ವ ಮಂಗಳವಾರ ರಾತ್ರಿ?"

"ಈಗ ನಿನಗೆ ಬುಧವಾರ. ಹನ್ನೆರಡು ದಾಟಿತು. ನಿನಗೆ ಹೇಳಿದ್ದು ಮಂಗಳವಾರ ಹುಟ್ಟಿದ ಅರ್ಧ ಗಂಟೆಗೆ."

ನರ್ಸು ಮಂಚದ ಮೇಲಿನ ಒಂದು ಕಾಗದವನ್ನು ಎತ್ತಿಕೊಂಡು ಓದಿದಳು. ಅವಳ ತುಟಿಗಳು ಅಲುಗುವುದು ಕಾಣುತ್ತಿತ್ತು. ಸೊನ್ನೆ ಸೊನ್ನೆ ಮೂವತ್ತು. ಮತ್ತೆ ಓದಿದಳು.

"ಪತ್ರದಲ್ಲಿ ಸರಿಯಾಗೇ ಇದೆ" ಎಂದಳು ಗಡಿಯಾರದಕ್ಕ.

"ಇದೆ" ಎಂದಳು ನರ್ಸು. "ಸರಿಯಾಗೇ ಇದೆ. ಆದರೆ ಅತ್ತಿಗೆ, ನಾನು ಬರೆದಿದ್ನಲ್ಲ, ಸೋಮವಾರ ರಾತ್ರಿ ಡ್ಯೂಟಿ ಅಂತ..."

ಅವಳು ಪರದೆಯೊಳಗಿಂದ ಅತ್ತಿಗೆಯ ಮುಖವನ್ನು ನೋಡಿದಳು. ರೋಗಿಯ ನಾಡಿ ಹಿಡಿದು ಮುಖ ನೋಡುವ ಹಾಗೆ ನೋಡಿದಳು. ಆಮೇಲೆ, "ಹೊತ್ತಾಯ್ತು, ಇಡ್ತೀನಿ" ಎಂದಳು. ಚೌಕ ಕಪ್ಪಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಇಲ್ಲಿ ಕಳ್ಳ ಎಂದು ಯಾರೂ ಅನ್ನಲೇ ಇಲ್ಲ. ಅನ್ನದಿದ್ದುದೇ ಭಾರವಾಯಿತು.

ವಾರ ಕಳೆಯುವುದರೊಳಗೆ ಆ ಆಸ್ಪತ್ರೆ ನರ್ಸನ್ನು ಕೆಲಸದಿಂದ ತೆಗೆಯಿತು. ಕೆಲಸವಿಲ್ಲದವರಿಗೆ ಆ ಊರಿನಲ್ಲಿ ಇರುವ ಹಕ್ಕಿಲ್ಲ. ಅಲ್ಲಿಂದ ಹೊರಡುವ ಮೊದಲು ಅವಳು ಮಂಡಳಿಗೆ ಮರುಪರಿಶೀಲನೆಯ ಅರ್ಜಿ ಕಳಿಸಿದಳು. ಅರ್ಜಿಯನ್ನು ತೆರೆಯುವ ಮೊದಲು ಗಡಿಯಾರದಕ್ಕ ಕೋಣೆಯ ಬಾಗಿಲು ಮುಚ್ಚಿ ಬಂದಳು. ಈಗ ತನ್ನ ಹೆಸರು ಬರುತ್ತದೆ, ಸಂಬಂಧ ಬರುತ್ತದೆ, ಮರುನುಡಿಯ ಸಂಗತಿ ಬರುತ್ತದೆ ಎಂದುಕೊಂಡಳು. ಅದು ಮೂರೇ ಸಾಲಿನದ್ದು. 'ಹೊತ್ತನ್ನು ನಾನು ತಪ್ಪಾಗಿ ಓದಿಕೊಂಡೆ. ತಪ್ಪು ನನ್ನದು. ದಯವಿಟ್ಟು ಇನ್ನೊಂದು ಸಲ ಕೇಳಿ.'

ಅಧ್ಯಕ್ಷರು ಓದಿ ಪಕ್ಕಕ್ಕಿಟ್ಟರು. "ತಪ್ಪು ತನ್ನದೇ ಅಂತ ಅವರೇ ಒಪ್ಪಿದ್ದಾರಲ್ಲಮ್ಮ. ನೋಟಿಸಿನಲ್ಲಿ ದೋಷ ಇದ್ರೆ ಮಾತ್ರ ಮತ್ತೆ ಕೇಳೋದಕ್ಕೆ ಬರುತ್ತೆ. ವಜಾ ಮಾಡೋದೇ. ಸೋಮವಾರ ಸಹಿಗೆ ತಗೊಂಡು ಬನ್ನಿ."

ಆ ಸಂಜೆ ಮನೆಯಲ್ಲಿ ತಮ್ಮ ಸೋಫಾದ ಮೇಲೆ ಕಾಲು ಚಾಚಿ ಟಿವಿ ನೋಡುತ್ತಿದ್ದ. ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು.

"ಅಕ್ಕಾ, ಆ ಮಹಾರಾಣಿ ವಾಪಸ್ ಬರ್ತಾ ಇದ್ದಾಳಂತೆ? ಹೊತ್ತು ತಪ್ಪಿಸಿಕೊಂಡು ಕೆಲಸ ಕಳ್ಕೊಂಡ್ಳಂತೆ?"

"ಯಾರು ಹೇಳಿದ್ರು ನಿನಗೆ?"

"ಊರೇ ಹೇಳುತ್ತೆ. ಹೊತ್ತು ಹೊತ್ತು ಅಂತ ಪ್ರಾಣ ಬಿಡ್ತಿದ್ಲು. ನನ್ನ ಹತ್ತಿರ ಒಂದು ನಿಮಿಷ ಕೂರು ಅಂದ್ರೆ ಎದೆ ಮೇಲಿನ ಗಡಿಯಾರ ನೋಡೋಳು. ಈಗ ಅನುಭವಿಸ್ಲಿ." ಅವನು ಖುಷಿಯಿಂದ ಹೊಟ್ಟೆ ಕೆರೆದುಕೊಂಡ. "ನಿನಗೊಂದು ತಮಾಷೆ ಗೊತ್ತಾ? ಆ ಗಡಿಯಾರದ ಮುಳ್ಳನ್ನ ನಾನು ಆಗಾಗ ಹಿಂದಕ್ಕೆ ತಿರುಗಿಸಿಡ್ತಿದ್ದೆ. ಸ್ವಲ್ಪಾನೇ, ಅರ್ಧ ಗಂಟೆ. ಡ್ಯೂಟಿಗೆ ತಡವಾಗಿ ಹೋಗಿ ಬೈಸಿಕೊಂಡು ಬರೋಳು. ನನ್ನ ಗಡಿಯಾರಕ್ಕೆ ಏನೋ ಆಗಿದೆ, ರಿಪೇರಿಯವನೂ ಸರಿ ಇದೆ ಅಂತಾನೆ ಅಂತ ಅಳೋಳು. ನನಗೆ ನಗು ತಡೆಯೋಕೇ ಆಗ್ತಿರ್ಲಿಲ್ಲ."

"ಎಷ್ಟು ಸಲ?"

"ಯಾರಿಗೆ ನೆನಪಿದೆ? ಕೊನೆಗೆ ಒಂದಿನ ನೋಡಿಬಿಟ್ಲು. ಏನೂ ಅನ್ನಲಿಲ್ಲ. ಗಡಿಯಾರ ಇಲ್ಲೇ ಬಿಟ್ಟು ಹೋದ್ಲು. ಏನೇ ಹೇಳು, ಮುಟ್ಟಿದ್ದು ಒಂದು ಮುಳ್ಳು ಅಷ್ಟೆ. ಹೊಡೆದ್ನಾ, ಬಡಿದ್ನಾ?"

ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಹೊಡೆಯಲಿಲ್ಲ, ಬಡಿಯಲಿಲ್ಲ. ಒಂದಕ್ಷರ ಸುಳ್ಳು ಬರೆಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಒಬ್ಬಳೇ ಹೆಣ್ಣಿನ ಹೊತ್ತನ್ನು ಕದ್ದಿದ್ದಾರೆ. ಅವನು ನಕ್ಕು ಕದ್ದ, ಇವಳು ಒಂದು ಸಾಲು ಬಿಟ್ಟು ಕದ್ದಳು. ಅವನಿಗೆ ಅದು ತಮಾಷೆ ಎಂದಾದರೂ ಗೊತ್ತಿತ್ತು; ಇವಳು ಅದನ್ನು ನ್ಯಾಯ ಎಂದುಕೊಂಡಿದ್ದಳು.

ಅವಳು ಒಳಗೆ ಹೋಗಿ ತನ್ನ ಬೀರುವಿನ ಕೆಳಖಾನೆ ತೆಗೆದಳು. ಬಟ್ಟೆಯಲ್ಲಿ ಸುತ್ತಿದ ಗಡಿಯಾರ ಅಲ್ಲೇ ಇತ್ತು. ನರ್ಸು ಹೋದ ಮೇಲೆ ಒಮ್ಮೆ ಫೋನು ಮಾಡಿ ಕೇಳಿದ್ದಳು: 'ಅದು ನಮ್ಮಪ್ಪ ಕೊಡಿಸಿದ್ದು ಅತ್ತಿಗೆ, ಕಳಿಸ್ತೀರಾ?' ಬಿಟ್ಟು ಹೋದದ್ದನ್ನು ಮತ್ತೆ ಯಾಕೆ ಕೇಳುತ್ತೀ ಎಂದು ಇವಳು ಫೋನು ಇಟ್ಟಿದ್ದಳು. ಅಂಗಿಗೆ ಪಿನ್ನು ಚುಚ್ಚಿ ಎದೆಗೆ ನೇತುಹಾಕುವ ಗಡಿಯಾರ ಅದು. ತಲೆಕೆಳಗಾಗಿ ನೇತಾಡುತ್ತದೆ. ಎದುರಿನವರು ನೋಡಿದರೆ ಹನ್ನೆರಡು ಕೆಳಗೆ, ಆರು ಮೇಲೆ. ತೊಟ್ಟವಳು ತಲೆ ಬಗ್ಗಿಸಿ ನೋಡಿದರೆ ಮಾತ್ರ ನೇರ. ಯಾರು ಓದಬೇಕೋ ಅವರ ಕಣ್ಣಿಗೆ ಸರಿಯಾಗಿ ಮಾಡಿದ್ದು. ಹದಿನಾರು ವರ್ಷ ತಾನು ಹೇಳುತ್ತ ಬಂದದ್ದನ್ನೇ ಅದು ಬಾಯಿಲ್ಲದೆ ಹೇಳುತ್ತಿತ್ತು. ಮುಳ್ಳುಗಳು ಯಾವುದೋ ಹಳೆಯ ಗಳಿಗೆಯಲ್ಲಿ ನಿಂತಿದ್ದವು. ಅವಳು ದೇವರ ಗೂಡಿನ ಮುಂದೆ ಕೂತಳು, ಆದರೆ ಕೇಳಿಕೊಳ್ಳಲು ಮಾತು ಬರಲಿಲ್ಲ. ಮಾತು ದೇವರಿಗೆ ಸಲ್ಲಬೇಕಾದ್ದಲ್ಲ, ಬೇರೆಯವರಿಗೆ ಸಲ್ಲಬೇಕಾದ್ದು ಎಂದು ತಿಳಿದಿತ್ತು.

ಸೋಮವಾರ ಅವಳು ವಜಾ ಆದೇಶದ ಬದಲು ಬೇರೊಂದು ಹಾಳೆಯನ್ನು ಅಧ್ಯಕ್ಷರ ಮುಂದಿಟ್ಟಳು.

ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಏನಮ್ಮ ಇದು?"

"ನೋಟಿಸಿನಲ್ಲಿ ದೋಷ ಇತ್ತು ಸರ್. ನಡುರಾತ್ರಿ ದಾಟಿದ ಹೊತ್ತಿಗೆ ಎರಡು ವಾರದ ಹೆಸರೂ ಬರೀಬೇಕು ಅನ್ನೋದು ನಮ್ಮ ಪದ್ಧತಿ. ಅದನ್ನ ನಾನು ಬರೀಲಿಲ್ಲ."

"ಬರೀದಿದ್ರೆ ಏನಂತೆ? ಸೊನ್ನೆ ಸೊನ್ನೆ ಮೂವತ್ತು ಅಂತ ಇದೆಯಲ್ಲ. ಓದೋಕೆ ಬರೋರಿಗೆ ಅರ್ಥ ಆಗುತ್ತೆ."

"ಅರ್ಥ ಆಗಿರ್ಲಿಲ್ಲ ಅಂತ ಅವರ ಮರುನುಡಿಯಲ್ಲೇ ಇತ್ತು. ಅದನ್ನ ನಾನು ಓದಿದೆ. ನನಗೆ ಅರ್ಥ ಆಯ್ತು. ಒಪ್ಪಿದ್ದಾರೆ ಅಂತ ನಿಮಗೆ ಬರೆದೆ."

ಅಧ್ಯಕ್ಷರು ಹಾಳೆಯನ್ನು ಮೇಜಿನ ಮೇಲಿಟ್ಟರು.

"ಮರೆವಾ?"

"ಅಲ್ಲ ಸರ್. ಅವಳು ನನ್ನ ತಮ್ಮನ ಹೆಂಡತಿಯಾಗಿದ್ದವಳು."

"ನೀವು ಹೀಗೆ ಮಾಡ್ತೀರಿ ಅಂದ್ರೆ" ಎಂದು ಅವರು ಶುರುಮಾಡಿ, ಮುಗಿಸಲಿಲ್ಲ. ಕೊನೆಗೆ, "ಇದನ್ನ ಸುಮ್ಮನೆ ಮರೆವು ಅಂತ ಬರೆದು ಕೊಟ್ಟಿದ್ರೂ ಆಗ್ತಿತ್ತಲ್ಲಮ್ಮ. ಕೆಲಸ ನಡೀತಿತ್ತು" ಎಂದರು.

"ಅದೂ ಆ ಪತ್ರದ ಹಾಗೇ, ನೋಡೋಕೆ ಸರಿಯಾಗಿದ್ದು ಒಳಗೆ ಮುಚ್ಚಿಟ್ಟ ಪತ್ರ ಆಗ್ತಿತ್ತು ಸರ್."

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ನಿವೃತ್ತಿಗೆ ಇನ್ನು ಹೆಚ್ಚು ದಿನವಿರಲಿಲ್ಲ ಎಂದು ಮೇಟ್ರನ್ ಮತ್ತೊಮ್ಮೆ 'ಪಾಪ' ಅಂದರಂತೆ. ಕೆಳಗಿನ ಮಹಡಿಯ ಕಿಟಕಿಗೆ ಹಾಕಿದರು. ಪ್ರಮಾಣಪತ್ರಗಳನ್ನು ಹುಡುಕಿ ಕೊಡುವ ಕಿಟಕಿ. ಅಲ್ಲಿ ಎಲ್ಲರೂ ಎದುರಿಗೇ ನಿಂತಿರುತ್ತಾರೆ, ಎಲ್ಲರದೂ ಒಂದೇ ಹೊತ್ತು. ಮೇಲೆ ಅವಳ ಮೇಜಿಗೆ ಬಂದವರು ಪದ್ಧತಿಯನ್ನು ಅರ್ಧಕ್ಕೆ ಇಳಿಸಿದರೆಂದು ಕೇಳಿದಳು. ಗಡಿಯಾರದಕ್ಕ ಎನ್ನುವ ಹೆಸರು ಮಾತ್ರ ಬಿಡಲಿಲ್ಲ, ಈಗ ಅದನ್ನು ಬೇರೆ ದನಿಯಲ್ಲಿ ಕರೆಯುತ್ತಿದ್ದರು.

ಮರುವಿಚಾರಣೆ ನಡೆಯಿತು. ಅಷ್ಟು ಹೊತ್ತಿಗೆ ನರ್ಸು ಊರಿಗೇ ಬಂದಾಗಿತ್ತು. ಹೊತ್ತು ಕೂಡಿಸುವ ಕಷ್ಟವೇ ಇರಲಿಲ್ಲ. ಅವಳು ಹಿಂದೆ ಇಲ್ಲಿ ಕೆಲಸ ಮಾಡಿದ್ದ ಆಸ್ಪತ್ರೆಯಿಂದ ಹಳೆಯ ಕಾಗದ ತರಿಸಿದರು. ಅವಳ ಗುರುತು ಅದರಲ್ಲಿತ್ತು. ಮುಂದಿನ ಪಾಳಿಯವರು ಹಾಳೆ ತಿರುಗಿಸಿ ನೋಡಿರಲಿಲ್ಲ. ದೂರು ಬಿದ್ದುಹೋಯಿತು. ನೋಂದಣಿ ತಿರುಗಿ ಬಂತು. ಆದರೆ ದೂರದ ಊರಿನ ಆ ಕೆಲಸಕ್ಕೆ ಬೇರೆಯವರು ಬಂದಾಗಿತ್ತು, ಆ ಚಿಕ್ಕ ಕೋಣೆಯಲ್ಲಿ ಬೇರೆ ಯಾರೋ ಮಲಗುತ್ತಿದ್ದರು. ಸುಟ್ಟ ಬೀಜಕ್ಕೆ ಎಷ್ಟು ನೀರು ಹೊಯ್ದರೇನು.

ಒಂದು ಬೆಳಗ್ಗೆ ನರ್ಸು ಪ್ರಮಾಣಪತ್ರ ತೆಗೆದುಕೊಳ್ಳಲು ಕಿಟಕಿಗೆ ಬಂದಳು. ಒಳಗಿರುವವರು ಯಾರೆಂದು ನೋಡಿಯೂ ಹಿಂದೆ ಸರಿಯಲಿಲ್ಲ. ಸಾಲಿನಲ್ಲಿ ತನ್ನ ಸರದಿ ಬರುವ ತನಕ ನಿಂತಳು. ಮೊದಲಿಗಿಂತ ಸೊರಗಿದ್ದಳು.

ಗಡಿಯಾರದಕ್ಕ ಪ್ರಮಾಣಪತ್ರ ಕೊಟ್ಟಳು. ನರ್ಸು ಸಹಿ ಮಾಡಿದಳು.

"ಕೆಲಸ?" ಎಂದು ಕೇಳಿದಳು ಗಡಿಯಾರದಕ್ಕ.

"ಹುಡುಕ್ತಾ ಇದ್ದೀನಿ. ಒಂದು ಕಡೆ ರಾತ್ರಿ ಪಾಳಿ ಇದೆಯಂತೆ."

"ಅರ್ಜಿಯಲ್ಲಿ ನನ್ನ ಹೆಸರು ಯಾಕೆ ಬರೀಲಿಲ್ಲ? ಪರದೆಯಲ್ಲಿ ನನ್ನ ಮುಖ ನೋಡಿದಾಗಲೇ ನಿನಗೆ ಗೊತ್ತಾಯ್ತು."

ನರ್ಸು ಪ್ರಮಾಣಪತ್ರವನ್ನು ಚೀಲದಲ್ಲಿ ಇಟ್ಟುಕೊಂಡಳು. "ನಿಮ್ಮ ಮನೆಯಲ್ಲಿ ಆರು ವರ್ಷ ನನ್ನ ಗಡಿಯಾರಾನೇ ಕೆಟ್ಟಿದೆ ಅಂದುಕೊಂಡು ಇದ್ದೆ. ಆ ಅಭ್ಯಾಸ ಬೇಗ ಹೋಗಲ್ಲ."

ಹಿಂದೆ ನಿಂತವರು ಕೆಮ್ಮಿದರು. ಗಡಿಯಾರದಕ್ಕ ಕ್ಷಮಿಸು ಎನ್ನಲು ಬಾಯಿ ತೆರೆದಳು. ಆ ಮಾತು ಈ ಕಿಟಕಿಯಲ್ಲಿ ತೂರಲಾರದಷ್ಟು ದೊಡ್ಡದೋ, ತೂರಿದರೂ ಆಚೆಗೆ ಕಾಣದಷ್ಟು ಚಿಕ್ಕದೋ, ಹೊರಗೆ ಬರಲಿಲ್ಲ. ಅವಳು ಮೇಜಿನ ಖಾನೆ ತೆಗೆದಳು. ಅಷ್ಟು ದಿನದಿಂದ ಅದು ಅಲ್ಲೇ ಕಾಯುತ್ತಿತ್ತು. ಹೊಸ ಸೆಲ್ಲು ಹಾಕಿಸಿ, ಪ್ರತಿ ಬೆಳಗ್ಗೆ ಗೋಡೆಯ ಗಡಿಯಾರಕ್ಕೆ ಹೋಲಿಸಿ ನೋಡುತ್ತಿದ್ದಳು. ಬಟ್ಟೆ ಬಿಚ್ಚಿದಳು. ಕಿಟಕಿಯ ಕೆಳಗಿನ ಸಂದಿನಲ್ಲಿ, ತನ್ನ ಕಡೆಗೆ ತಲೆಕೆಳಗಾಗಿ, ಆಚೆ ನಿಂತವಳ ಕಣ್ಣಿಗೆ ಹನ್ನೆರಡು ಮೇಲೆ ಬರುವಂತೆ ತಿರುಗಿಸಿ, ಗಡಿಯಾರವನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು.